ಹೊಸ ಶಿಕ್ಷಕರಿಗೆ ತರಗತಿ ನಿರ್ವಹಣೆಯ ಕಾರ್ಯಾಗಾರವನ್ನು ರೂಪಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗ ಜಿಲ್ಲೆಯ ಹಳ್ಳಿ ಶಾಲೆಗಳಿಗೆ ಹೊಸದಾಗಿ ಬಂದ ಪ್ರಾಥಮಿಕ ಶಿಕ್ಷಕರಿಗೆ ತರಗತಿ ನಿರ್ವಹಣೆಯ ತರಬೇತಿ ನಡೆಸುವ ಹೊಣೆ ಹೊತ್ತ ಕ್ಲಸ್ಟರ್ ಮತ್ತು ಬ್ಲಾಕ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿ, ಬಿಆರ್‌ಪಿ ಮತ್ತು ಮುಖ್ಯ ಶಿಕ್ಷಕರು ನಮ್ಮನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಸಂಪನ್ಮೂಲ ವ್ಯಕ್ತಿಯಾಗಿ ಇಂಥ ಕಾರ್ಯಾಗಾರಗಳಲ್ಲಿ ನಿಂತು, ಸರಿ ತಪ್ಪುಗಳೆರಡನ್ನೂ ಮಾಡಿ ಕಂಡುಕೊಂಡದ್ದಕ್ಕಷ್ಟೇ ಉತ್ತರಗಳನ್ನು ಸೀಮಿತಗೊಳಿಸಿದ್ದೇನೆ. ಹೆಚ್ಚಿನ ಉದಾಹರಣೆಗಳು 1ರಿಂದ 3ನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುವ ನಲಿ-ಕಲಿ ತರಗತಿಯವು.

ಒಂದು ಕಾರ್ಯಾಗಾರಕ್ಕೆ ಎಷ್ಟು ಶಿಕ್ಷಕರನ್ನು ಕರೆಯಬೇಕು? ಎಲ್ಲ ಹೊಸ ಶಿಕ್ಷಕರನ್ನೂ ಒಟ್ಟಿಗೆ ಕೂರಿಸಬಹುದೇ?

24ರಿಂದ 28 ಜನ ಸಾಕು, ಇಬ್ಬರು ಸಂಪನ್ಮೂಲ ವ್ಯಕ್ತಿಗಳು ಇರಬೇಕು. ಇಲ್ಲಿ ಕಲಿಯುವುದು ಕೇಳಿ ಬರುವ ವಿದ್ಯೆಯಲ್ಲ, ಮಾಡಿ ಬರುವ ವಿದ್ಯೆ. ಪ್ರತಿಯೊಬ್ಬ ಶಿಕ್ಷಕರೂ ಎರಡು ದಿನಗಳಲ್ಲಿ ಕನಿಷ್ಠ ಮೂರು ಸಲ ಎದ್ದು ನಿಂತು ಅಭ್ಯಾಸ ಮಾಡಬೇಕಾದರೆ ಇದಕ್ಕಿಂತ ಹೆಚ್ಚು ಜನರಿಗೆ ಸರದಿ ಸಿಗುವುದಿಲ್ಲ. 60 ಜನರನ್ನು ಒಂದು ಸಭಾಂಗಣದಲ್ಲಿ ಕೂರಿಸಿದರೆ ಅದು ಭಾಷಣವೇ ಆಗುತ್ತದೆ, ಸಂಪನ್ಮೂಲ ವ್ಯಕ್ತಿ ಎಷ್ಟೇ ಒಳ್ಳೆಯವರಾಗಿದ್ದರೂ ಅಷ್ಟೇ.

ನಲಿ-ಕಲಿ ಶಿಕ್ಷಕರನ್ನೂ 6ರಿಂದ 8ನೇ ತರಗತಿಗೆ ಬಂದ ಪದವೀಧರ ಪ್ರಾಥಮಿಕ ಶಿಕ್ಷಕರನ್ನೂ ಬೆರೆಸಬೇಡಿ. ಆರು ವರ್ಷದ ಮಗು ಜಾಗ ಬಿಟ್ಟು ಓಡುವುದಕ್ಕೂ ಹದಿಮೂರರ ಹುಡುಗ ಹಿಂದಿನ ಬೆಂಚಿನಲ್ಲಿ ನಗುವುದಕ್ಕೂ ಕಾರಣ ಬೇರೆ, ಉಪಾಯವೂ ಬೇರೆ. ಬೆರೆಸಿದಾಗ ಎರಡೂ ಕಡೆಯವರು ಅರ್ಧ ಹೊತ್ತು ತಮಗೆ ಸಂಬಂಧಿಸದ ಮಾತನ್ನು ಕೇಳುತ್ತಾ ಕೂರುತ್ತಾರೆ.

ಎಷ್ಟು ದಿನ ಬೇಕು? ವರ್ಷದ ಯಾವ ಹೊತ್ತಿನಲ್ಲಿ ನಡೆಸಬೇಕು?

ಎರಡು ದಿನ, ಆಮೇಲೆ ಮೂರು ಅಥವಾ ನಾಲ್ಕು ವಾರದ ಬಿಡುವು, ಮತ್ತೆ ಒಂದು ದಿನ. ಮೂರು ದಿನಗಳನ್ನು ಒಟ್ಟಿಗೆ ಇಟ್ಟರೆ ಮೂರನೆಯ ದಿನಕ್ಕೆ ಕೆಲಸವೇ ಇರುವುದಿಲ್ಲ, ಏಕೆಂದರೆ ಕಲಿತದ್ದನ್ನು ಇನ್ನೂ ಯಾರೂ ತಮ್ಮ ಶಾಲೆಯಲ್ಲಿ ಮಾಡಿ ನೋಡಿರುವುದಿಲ್ಲ. ಬಿಡುವಿನ ನಂತರ ಬರುವ ದಿನದಲ್ಲಿಯೇ ನಿಜವಾದ ಕಲಿಕೆ ಹೆಚ್ಚು ಆಗುವುದನ್ನು ಕಂಡಿದ್ದೇನೆ.

ಶಿಕ್ಷಕರು ಶಾಲೆಗೆ ಹಾಜರಾಗಿ ಒಂದು ತಿಂಗಳಾದರೂ ಕಳೆದಿರಬೇಕು. ಕೆಲಸಕ್ಕೆ ಸೇರುವ ಮುನ್ನವೇ ತರಬೇತಿ ಕೊಟ್ಟರೆ ಅವರ ಕೈಯಲ್ಲಿ ಪ್ರಶ್ನೆಗಳೇ ಇರುವುದಿಲ್ಲ. ಜೂನ್‌ನಲ್ಲಿ ಸೇರಿದವರಿಗೆ ಜುಲೈ ಕೊನೆಯ ವಾರ ಒಳ್ಳೆಯ ಹೊತ್ತು, ಮರಳಿ ಸೇರುವ ದಿನ ಆಗಸ್ಟ್ ಮೂರನೆಯ ವಾರದ ಹೊತ್ತಿಗೆ ಬರುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಅಕ್ಟೋಬರ್, ನವೆಂಬರ್‌ನಲ್ಲಿ ಶೇಂಗಾ ಕೀಳುವ ಕೆಲಸಕ್ಕೆ ಮಕ್ಕಳೂ ಹೊಲಕ್ಕೆ ಹೋಗುವುದರಿಂದ ಹಾಜರಾತಿ ಏರುಪೇರಾಗುತ್ತದೆ. ಆ ದಿನಗಳಲ್ಲಿ ಹೊಸ ರೂಢಿಯನ್ನು ನೆಲೆಗೊಳಿಸುವುದು ಕಷ್ಟ.

ಇಬ್ಬರೇ ಶಿಕ್ಷಕರಿರುವ ಶಾಲೆಯಿಂದ ಒಬ್ಬರನ್ನು ಕರೆದರೆ ಉಳಿದವರ ಮೇಲೆ ಐದೂ ತರಗತಿ ಬೀಳುತ್ತವೆ. ಏಕೋಪಾಧ್ಯಾಯ ಶಾಲೆಯಾದರೆ ಬಾಗಿಲೇ ಮುಚ್ಚಬೇಕಾಗುತ್ತದೆ. ಶಿಕ್ಷಕರನ್ನು ತರಬೇತಿಗೆ ಕಳಿಸುವ ಓಓಡಿ ಆದೇಶ ಹೊರಡುವ ಮುನ್ನವೇ ಪಕ್ಕದ ಶಾಲೆಯಿಂದ ಯಾರು ಬಂದು ನೋಡಿಕೊಳ್ಳುತ್ತಾರೆ ಎಂಬುದನ್ನು ಸಿಆರ್‌ಪಿ ಹೆಸರು ಸಹಿತ ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಮಧ್ಯಾಹ್ನ ಎರಡು ಗಂಟೆಗೆ ಶಿಕ್ಷಕರ ಫೋನು ರಿಂಗಣಿಸತೊಡಗುತ್ತದೆ, ಅವರ ಮನಸ್ಸು ಅಲ್ಲಿಗೇ ಹೋಗುತ್ತದೆ.

ಬ್ಲಾಕ್ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಸಭಾಂಗಣದಲ್ಲಿ ನಡೆಸಿದರೆ ಸಾಲದೇ?

ಒಂದು ಶಾಲೆಯಲ್ಲಿ ನಡೆಸಿದರೆ ಮೇಲು. ನೆಲಮಟ್ಟದ ಕಪ್ಪುಹಲಗೆ, ಮಕ್ಕಳು ಕೂರುವ ಚಾಪೆ, ಕಲಿಕಾ ಕಾರ್ಡುಗಳ ತಟ್ಟೆ, ಮಕ್ಕಳ ಕೆಲಸಗಳನ್ನು ತೂಗುಹಾಕುವ ಕಲಿಕಾ ಚಪ್ಪರ ಎಲ್ಲವೂ ಕಣ್ಣ ಮುಂದೆ ಇರುವ ಕೋಣೆಯಲ್ಲಿ ಅಭ್ಯಾಸ ಮಾಡುವುದಕ್ಕೂ ಕುರ್ಚಿಗಳ ಸಾಲಿನ ಮುಂದೆ ಅಭಿನಯಿಸುವುದಕ್ಕೂ ಅಜಗಜಾಂತರವಿದೆ. ಸಭಾಂಗಣವೇ ಗತಿಯಾದರೆ ಕುರ್ಚಿಗಳನ್ನು ಹೊರಗಿಟ್ಟು ಜಮಖಾನ ಹಾಸಿಸಿ. ಪ್ರೊಜೆಕ್ಟರ್‌ನ ಅಗತ್ಯವಿಲ್ಲ, ಕರೆಂಟು ಹೋಯಿತೆಂದು ಒಂದು ಅವಧಿ ಹಾಳಾಗುವ ತಾಪತ್ರಯವೂ ತಪ್ಪುತ್ತದೆ.

ಮೊದಲ ದಿನ ಯಾವುದರಿಂದ ಆರಂಭಿಸಬೇಕು? ಶಿಸ್ತಿನ ಬಗೆಗಿನ ಉಪನ್ಯಾಸದಿಂದಲೇ?

ಚೀಟಿಗಳಿಂದ. ಪ್ರತಿಯೊಬ್ಬರಿಗೂ ಒಂದೊಂದು ಚೀಟಿ ಕೊಟ್ಟು, ಕಳೆದ ಹದಿನೈದು ದಿನಗಳಲ್ಲಿ ತರಗತಿ ಕೈ ತಪ್ಪಿದ ಒಂದೇ ಒಂದು ಸಂದರ್ಭವನ್ನು ಬರೆಯಲು ಹೇಳಿ. ಮೂರು ಸಂಗತಿಗಳು ಅದರಲ್ಲಿರಬೇಕು: ಗಡಿಯಾರದಲ್ಲಿ ಆಗ ಎಷ್ಟು ಗಂಟೆ, ಗದ್ದಲ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಮಕ್ಕಳ ಕೈಯಲ್ಲಿ ಏನಿತ್ತು, ಶಿಕ್ಷಕರು ಎಲ್ಲಿ ನಿಂತಿದ್ದರು. "ಮಕ್ಕಳು ತುಂಬಾ ತುಂಟರು", "ಪೋಷಕರಿಗೆ ಕಾಳಜಿಯಿಲ್ಲ" ಎಂದು ಬರೆದ ಚೀಟಿಯನ್ನು ನಗುತ್ತಲೇ ವಾಪಸ್ ಕೊಟ್ಟು, ಗಂಟೆ ಎಷ್ಟಾಗಿತ್ತು ಎಂದು ಕೇಳಿ.

ಆಮೇಲೆ ಗೋಡೆಯ ಮೇಲೆ ಶಾಲಾ ದಿನವನ್ನು ಒಂದು ಉದ್ದ ಗೆರೆಯಾಗಿ ಎಳೆದು, ಪ್ರಾರ್ಥನೆ, ಹಾಲು, ಅವಧಿಗಳು, ಬಿಸಿಯೂಟ, ಆಟ, ಮನೆಗೆ ಬಿಡುವ ಹೊತ್ತು ಇವುಗಳನ್ನು ಗುರುತಿಸಿ, ಚೀಟಿಗಳನ್ನು ಆಯಾ ಜಾಗದಲ್ಲಿ ಅಂಟಿಸಲು ಹೇಳಿ. ನಾನು ನಡೆಸಿದ ಕಡೆಗಳಲ್ಲೆಲ್ಲ ಚೀಟಿಗಳು ಗೆರೆಯ ಉದ್ದಕ್ಕೂ ಹರಡಿಕೊಂಡದ್ದನ್ನು ಕಾಣೆ. ಅವು ಮೂರು ನಾಲ್ಕು ಕಡೆ ಗುಂಪು ಗುಂಪಾಗಿ ಬೀಳುತ್ತವೆ, ಆ ಜಾಗಗಳು ಬಹುಮಟ್ಟಿಗೆ ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ಸಂದಿಗಳೇ ಆಗಿರುತ್ತವೆ: ಹಾಲು ಕುಡಿದ ನಂತರ, ಕಾರ್ಡು ಹಂಚುವಾಗ, ಊಟವಾದ ಮೇಲೆ.

ಗೋಡೆಯನ್ನು ನೋಡುತ್ತಾ ನಿಂತ ಶಿಕ್ಷಕರಿಗೆ ಸಮಸ್ಯೆ ಮಗುವಿನಲ್ಲಿ ಮಾತ್ರ ಇಲ್ಲ, ಸಂದಿಯಲ್ಲಿದೆ ಎಂಬುದು ನಾವು ಹೇಳದೆಯೇ ಕಾಣುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೂನಿನ್ ತರಗತಿಗಳ ವಿಡಿಯೊ ಚಿತ್ರಿಕೆಗಳನ್ನು ಪರಿಶೀಲಿಸಿ 1970ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನದು. ತಪ್ಪು ನಡೆದ ಮೇಲೆ ಹೇಗೆ ಗದರಿಸಿದರು ಎಂಬುದರಿಂದ ತರಗತಿಗಳ ನಡುವಿನ ವ್ಯತ್ಯಾಸ ವಿವರಿಸಲಾಗಲಿಲ್ಲ. ಇಡೀ ಕೋಣೆಯ ಮೇಲೆ ಗಮನವಿಟ್ಟು, ಕೆಲಸದಿಂದ ಕೆಲಸಕ್ಕೆ ತಡವರಿಸದೆ ದಾಟುವ ಶಿಕ್ಷಕರ ತರಗತಿಗಳಲ್ಲಿ ಗದ್ದಲ ಕಡಿಮೆಯಿತ್ತು. ಕಾರ್ಯಾಗಾರದ ಉಳಿದ ಹೊತ್ತನ್ನೆಲ್ಲ ಈ ಸಂದಿಗಳಿಗೇ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಒಂದು ಸಂದಿಯನ್ನು ಕಾರ್ಯಾಗಾರದಲ್ಲಿ ಹೇಗೆ ಬಿಡಿಸಿ ನೋಡಬೇಕು? ಒಂದು ಉದಾಹರಣೆ ಕೊಡಬಹುದೇ?

ಬಿಸಿಯೂಟದ ನಂತರದ ಹೊತ್ತನ್ನು ತೆಗೆದುಕೊಳ್ಳೋಣ. ಚಳ್ಳಕೆರೆ ತಾಲ್ಲೂಕಿನ ಒಬ್ಬ ಹೊಸ ಶಿಕ್ಷಕಿ ಬರೆದ ಚೀಟಿಯಿದು. ನಲಿ-ಕಲಿ ಕೋಣೆಯಲ್ಲಿ 27 ಮಕ್ಕಳು. ಊಟ ಮುಗಿಸಿ ಬಂದ ಮೊದಲ ಹುಡುಗರು ಕೋಣೆಯಲ್ಲಿ ಕುಸ್ತಿಗೆ ಬಿದ್ದು, ಒಬ್ಬನ ತುಟಿ ಒಡೆದು, ಅದನ್ನು ಸಂಭಾಳಿಸುವಷ್ಟರಲ್ಲಿ ಮಧ್ಯಾಹ್ನದ ಮೊದಲ ಅವಧಿಯೇ ಮುಗಿದಿತ್ತು. "ಊಟವಾದ ಮೇಲೆ ಇವರು ಮಾತೇ ಕೇಳುವುದಿಲ್ಲ" ಎಂದು ಅವರು ಚೀಟಿಯ ಕೊನೆಗೆ ಬರೆದಿದ್ದರು.

ನಾವು ಅವರನ್ನು ಕೇಳಿದ ಮೊದಲ ಪ್ರಶ್ನೆ, ನಲ್ಲಿಗಳು ಎಷ್ಟಿವೆ ಎಂಬುದು. ಒಂದೇ ನಲ್ಲಿ. 27 ಮಕ್ಕಳು ಒಬ್ಬೊಬ್ಬರಾಗಿ ತಟ್ಟೆ ತೊಳೆಯಬೇಕು. ಒಂದು ಮಗುವಿಗೆ ಅರ್ಧ ನಿಮಿಷವೆಂದರೂ ಕೊನೆಯ ಮಗು ಒಳಗೆ ಬರುವಷ್ಟರಲ್ಲಿ ಹದಿಮೂರು ಹದಿನಾಲ್ಕು ನಿಮಿಷ ಕಳೆದಿರುತ್ತದೆ. ಮೊದಲು ತೊಳೆದವನು ಅಷ್ಟೂ ಹೊತ್ತು ಕೋಣೆಯಲ್ಲಿ ಏನು ಮಾಡಬೇಕು? ಶಿಕ್ಷಕಿ ನಲ್ಲಿಯ ಬಳಿ ನೂಕುನುಗ್ಗಲು ಬಿಡಿಸುತ್ತಿರುತ್ತಾರೆ, ಕೋಣೆಯಲ್ಲಿ ದೊಡ್ಡವರಿಲ್ಲ, ಕೆಲಸವೂ ಇಲ್ಲ. ಕುಸ್ತಿ ಆಗದಿದ್ದರೆ ಆಶ್ಚರ್ಯ.

ಇದಕ್ಕೆ ಗುಂಪಿನವರು ಕೂತು ಮೂರು ಬದಲಾವಣೆ ಹುಡುಕಿದರು. ಒಂದು, ನಲ್ಲಿಯಡಿ ತೊಳೆಯುವ ಬದಲು ನೀರು ತುಂಬಿದ ಎರಡು ಬಕೆಟ್ ಮತ್ತು ಮಗ್ಗು ಇಟ್ಟರೆ ಮೂವರು ಒಟ್ಟಿಗೆ ತೊಳೆಯಬಹುದು. ಎರಡು, ನೆಲಮಟ್ಟದ ಕಪ್ಪುಹಲಗೆಯಲ್ಲಿ ಪ್ರತಿ ಮಗುವಿಗೂ ಇರುವ ಅದರದೇ ಭಾಗದಲ್ಲಿ, ಊಟಕ್ಕೆ ಬಿಡುವ ಮುನ್ನವೇ ಶಿಕ್ಷಕಿ ಒಂದು ಸಣ್ಣ ಕೆಲಸ ಬರೆದಿಡುವುದು: ಒಬ್ಬರಿಗೆ ಒಂದು ಅಕ್ಷರ, ಇನ್ನೊಬ್ಬರಿಗೆ ಎರಡು ಕೂಡುವ ಲೆಕ್ಕ. ಬಾಗಿಲ ಬಳಿ ಡಬ್ಬದ ಮುಚ್ಚಳದಲ್ಲಿ ಸೀಮೆಸುಣ್ಣದ ತುಂಡುಗಳು. ಒಳಗೆ ಬಂದವರು ಒಂದು ತುಂಡು ತೆಗೆದುಕೊಂಡು ತಮ್ಮ ಭಾಗದ ಮುಂದೆ ಕೂರುವುದೇ ರೂಢಿ, ಯಾರೂ ಯಾರಿಗೂ ಕಾಯಬೇಕಿಲ್ಲ. ಮೂರು, ಶಿಕ್ಷಕಿ ನಲ್ಲಿಯ ಬಳಿ ನಿಲ್ಲದೆ ಕೋಣೆಯ ಹೊಸ್ತಿಲಲ್ಲಿ ನಿಲ್ಲುವುದು, ಅಲ್ಲಿಂದ ನಲ್ಲಿಯೂ ಕೋಣೆಯೂ ಕಾಣುತ್ತವೆ.

ಇಲ್ಲಿಗೆ ನಿಲ್ಲಿಸಿದರೆ ಇದು ಬರೀ ಚರ್ಚೆಯಾಗುತ್ತದೆ. ಅಂದು ಊಟದ ಬಿಡುವಿನಲ್ಲಿ ಶಿಕ್ಷಕರೇ ಮಕ್ಕಳಾಗಿ, ನಿಜವಾದ ತಟ್ಟೆ ಹಿಡಿದು, ನಿಜವಾದ ನಲ್ಲಿಯ ಮುಂದೆ ಅದನ್ನು ಮಾಡಿ ನೋಡಿದರು. ಮೊದಲ ಸಲ ಬಾಗಿಲಲ್ಲಿಯೇ ಗುಂಪು ಕಟ್ಟಿತು, ಏಕೆಂದರೆ ಸೀಮೆಸುಣ್ಣದ ಮುಚ್ಚಳವನ್ನು ನೆಲದ ಮೇಲಿಟ್ಟಿದ್ದರಿಂದ ಎಲ್ಲರೂ ಹೊಸ್ತಿಲಲ್ಲೇ ಬಗ್ಗಬೇಕಾಯಿತು. ಅದನ್ನು ಕಿಟಕಿಯ ಅಂಚಿಗೆ ಸರಿಸಿದ ಮೇಲೆ ಎರಡನೆಯ ಸಲ ಸಲೀಸಾಯಿತು. ಎಷ್ಟು ಚರ್ಚಿಸಿದ್ದರೂ ಆ ಮುಚ್ಚಳ ಎಲ್ಲಿರಬೇಕೆಂಬುದು ತಿಳಿಯುತ್ತಿರಲಿಲ್ಲ.

ಇಂಥ ಒಂದು ಸಂದಿಗೆ ಒಂದೂವರೆ ಗಂಟೆ ಬೇಕು. ಎರಡು ದಿನದಲ್ಲಿ ನಾಲ್ಕಕ್ಕಿಂತ ಹೆಚ್ಚು ಸಂದಿಗಳನ್ನು ಮುಟ್ಟಬೇಡಿ.

ಶಿಕ್ಷಕರು ಒಂದು ಗುಂಪಿನ ಜೊತೆ ಕೂತಾಗ ಉಳಿದ ಗುಂಪುಗಳನ್ನು ನಿಭಾಯಿಸುವುದನ್ನು ಹೇಗೆ ಅಭ್ಯಾಸ ಮಾಡಿಸಬೇಕು?

ನಲಿ-ಕಲಿಯ ವ್ಯವಸ್ಥೆಯಲ್ಲಿ ಶಿಕ್ಷಕರ ಪೂರ್ಣ ನೆರವಿನ ಗುಂಪಿನಿಂದ ಸ್ವಕಲಿಕೆಯ ಗುಂಪಿನವರೆಗೆ ಮಕ್ಕಳು ಬೇರೆ ಬೇರೆ ಕಡೆ ಕೂತು ಬೇರೆ ಬೇರೆ ಕಾರ್ಡಿನ ಕೆಲಸ ಮಾಡುತ್ತಾರೆ. ಹೊಸ ಶಿಕ್ಷಕರಿಗೆ ಇದರ ತತ್ತ್ವ ತಿಳಿದಿರುತ್ತದೆ. ಕೂತ ಎರಡನೇ ನಿಮಿಷಕ್ಕೆ "ಟೀಚರ್, ಇವ್ನು ನನ್ ಕಾರ್ಡ್ ಕೊಡ್ತಿಲ್ಲ" ಎಂಬ ಕೂಗು ಬಂದು, ಎದ್ದು ಹೋಗಿ, ಮರಳಿ ಬಂದು, ಮತ್ತೆ ಎದ್ದು, ಕೊನೆಗೆ ಪೂರ್ಣ ನೆರವು ಬೇಕಾದ ಮಕ್ಕಳಿಗೇ ನೆರವು ಸಿಗದೆ ಹೋಗುವುದು ನಡೆಯುತ್ತಿರುತ್ತದೆ.

ಅಭ್ಯಾಸಕ್ಕೆ ಎಂಟು ಜನರ ತಂಡ ಮಾಡಿ. ಒಬ್ಬರು ಶಿಕ್ಷಕರು, ಆರು ಜನ ಎರಡು ಗುಂಪುಗಳ ಮಕ್ಕಳು, ಒಬ್ಬರು ವೀಕ್ಷಕರು. ಆರು ನಿಮಿಷ ನಡೆಸಿ, ಸರದಿ ಬದಲಿಸಿ. ವೀಕ್ಷಕರು ಬರೆದುಕೊಳ್ಳುವುದು ಎರಡೇ ಸಂಗತಿ: ಶಿಕ್ಷಕರು ಎಷ್ಟು ಸಲ ಎದ್ದರು, ಎಷ್ಟು ಸಲ ತಲೆಯೆತ್ತಿ ಇಡೀ ಕೋಣೆಯನ್ನು ನೋಡಿದರು. ಮೊದಲನೆಯದು ಕಡಿಮೆಯಾಗಬೇಕು, ಎರಡನೆಯದು ಹೆಚ್ಚಬೇಕು. ಗೋಡೆಗೆ ಬೆನ್ನು ಕೊಟ್ಟು ಕೂತರೆ ಎರಡೂ ಎಷ್ಟೋ ಸುಲಭವಾಗುತ್ತವೆ, ಆದರೆ ಹೆಚ್ಚಿನವರು ಅಭ್ಯಾಸಬಲದಿಂದ ಕೋಣೆಗೇ ಬೆನ್ನು ಹಾಕಿ ಕೂರುತ್ತಾರೆ. ಜೊತೆಗೆ, ಕಾರ್ಡು ಮುಗಿಸಿದ ಮಗು ಮುಂದೇನು ಮಾಡಬೇಕು, ತಿಳಿಯದಿದ್ದರೆ ಯಾರನ್ನು ಕೇಳಬೇಕು ಎಂಬ ಎರಡಕ್ಕೆ ಉತ್ತರವನ್ನು ಗುಂಪು ಕೆಲಸ ಶುರುವಾಗುವ ಮುನ್ನವೇ ಮಕ್ಕಳ ಬಾಯಿಂದ ಹೇಳಿಸಬೇಕು.

ಮಕ್ಕಳ ಪಾತ್ರ ಮಾಡುವ ಶಿಕ್ಷಕರು ಅತಿಯಾಗಿ ತಂಟೆ ಮಾಡಿ ನಗಿಸುವುದುಂಟು. ಮೊದಲ ಸರದಿಯಲ್ಲಿ ನಗಲಿ ಬಿಡಿ. ಎರಡನೆಯದರಿಂದ ಪ್ರತಿಯೊಬ್ಬರ ಕೈಗೂ ಚೀಟಿ ಕೊಡಿ: "ನಿನಗೆ ಪೆನ್ಸಿಲ್ ಇಲ್ಲ", "ನಿನಗೆ ಕಾರ್ಡಿನ ಚಿತ್ರ ಅರ್ಥವಾಗಿಲ್ಲ, ಆದರೆ ನೀನು ಕೇಳುವುದಿಲ್ಲ".

ಲಂಬಾಣಿ ತಾಂಡಾ ಅಥವಾ ತೆಲುಗು ಮನೆಮಾತಿನ ಹಳ್ಳಿಗೆ ಹೋಗುವ ಶಿಕ್ಷಕರಿಗೆ ಬೇರೆ ಅವಧಿ ಬೇಕೇ?

ಬೇಕು, ಆದರೆ ಅರ್ಧ ಗಂಟೆ ಸಾಕು. ಭಾಗವಹಿಸಿದವರಲ್ಲಿಯೇ ಲಂಬಾಣಿ ಅಥವಾ ತೆಲುಗು ಬಲ್ಲ ಒಬ್ಬರನ್ನು ಮುಂದೆ ಕರೆದು, ಐದು ನಿಮಿಷ ಆ ಭಾಷೆಯಲ್ಲಷ್ಟೇ ತರಗತಿ ನಡೆಸಲು ಹೇಳಿ: ಏಳಿ, ಸಾಲು ಮಾಡಿ, ಕಾರ್ಡು ತನ್ನಿ, ಜೋಡಿಯಾಗಿ ಕೂರಿ. ಒಂದೇ ಆದೇಶವನ್ನು ಎರಡನೆಯ ಸಲ ತುಸು ಜೋರಾಗಿ, ಮೂರನೆಯ ಸಲ ಗದರಿಸಿ ಹೇಳಲಿ. ಭಾಷೆ ತಿಳಿಯದ ಶಿಕ್ಷಕರು ಪಕ್ಕದವರನ್ನು ನೋಡಿ ನಕಲು ಮಾಡುವುದು, ಸುಮ್ಮನೆ ನಗುವುದು, ನೆಲ ನೋಡುತ್ತಾ ಕೂರುವುದು ಇವೆಲ್ಲ ಶುರುವಾಗುತ್ತದೆ. ತಾವು ಚೀಟಿಯಲ್ಲಿ "ಮಾತು ಕೇಳುವುದಿಲ್ಲ" ಎಂದು ಬರೆದ ಒಂದನೇ ತರಗತಿಯ ಮಗುವೂ ಹೀಗೆಯೇ ಮಾಡುತ್ತಿತ್ತು ಎಂಬುದು ಅವರಿಗೆ ಆಗ ನೆನಪಾಗುತ್ತದೆ.

ಇದರ ನಂತರ, ದಿನವೂ ಬೇಕಾಗುವ ಹತ್ತು ಆದೇಶಗಳಿಗೆ ಒಂದೊಂದು ಕೈಸನ್ನೆಯನ್ನು ಗೊತ್ತುಮಾಡಿಕೊಳ್ಳಲಿ. ಮಗುವಿನ ಮನೆಮಾತಿನಲ್ಲಿ ಆ ಹತ್ತನ್ನೂ ಹಳ್ಳಿಯ ಅಂಗನವಾಡಿ ಕಾರ್ಯಕರ್ತೆಯನ್ನೋ ಅಡುಗೆಯವರನ್ನೋ ಕೇಳಿ ಬರೆದುಕೊಳ್ಳುವುದು ಬಿಡುವಿನ ವಾರಗಳ ಮನೆಕೆಲಸ.

ಬೆತ್ತದ ವಿಷಯವನ್ನು ಹೇಗೆ ಎತ್ತಬೇಕು?

ನೇರವಾಗಿ, ಚುಟುಕಾಗಿ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ, ಮೀರಿದವರ ಮೇಲೆ ಸೇವಾ ನಿಯಮಗಳ ಪ್ರಕಾರ ಶಿಸ್ತುಕ್ರಮ ಜರುಗುತ್ತದೆ. ಬಸ್ಕಿ ಹೊಡೆಸುವುದು, ಬಿಸಿಲಲ್ಲಿ ನಿಲ್ಲಿಸುವುದು, ಜಾತಿ ಅಥವಾ ಮನೆಯವರನ್ನು ಹಿಡಿದು ಹೀಯಾಳಿಸುವುದು ಎಲ್ಲವೂ ಇದರೊಳಗೇ ಬರುತ್ತವೆ. ಇದನ್ನು ಐದು ನಿಮಿಷದಲ್ಲಿ ಹೇಳಿ ಮುಗಿಸಿ. ಉಳಿದ ಹೊತ್ತು, ಬೆತ್ತವಿಲ್ಲದ ಕೈ ಏನು ಮಾಡಬೇಕು ಎಂಬುದಕ್ಕೆ ಮೀಸಲಿರಲಿ.

ನಾವು ಅಭ್ಯಾಸ ಮಾಡಿಸುವ ಕ್ರಮ ಹೀಗಿದೆ. ಪಾಠ ನಿಲ್ಲಿಸದೆ ಮಗುವಿನ ಹತ್ತಿರಕ್ಕೆ ನಡೆದು ನಿಲ್ಲುವುದು. ಸಾಲದಿದ್ದರೆ ಬಗ್ಗಿ, ಹೆಸರು ಹಿಡಿದು, ಮಾಡಬಾರದ್ದನ್ನು ಹೇಳುವ ಬದಲು ಮಾಡಬೇಕಾದದ್ದನ್ನು ಮೆಲ್ಲಗೆ ಹೇಳುವುದು, ಹೇಳಿದ ಮೇಲೆ ದುರುಗುಟ್ಟಿ ನೋಡುತ್ತಾ ನಿಲ್ಲದೆ ಅಲ್ಲಿಂದ ಸರಿದುಬಿಡುವುದು. ಆಗಲೂ ನಿಲ್ಲದಿದ್ದರೆ ಜಾಗ ಬದಲಿಸುವುದು, ಬಿಡುವಿನಲ್ಲಿ ಒಬ್ಬನನ್ನೇ ಕರೆದು ಮಾತಾಡುವುದು. ಸರಿದುಬಿಡುವ ಹೆಜ್ಜೆಯೇ ಎಲ್ಲರಿಗೂ ಕಷ್ಟ. ಉಳಿದ ಮಕ್ಕಳ ಮುಂದೆ ಮಗು ತಕ್ಷಣ ಸೋಲಬೇಕೆಂದು ನಿರೀಕ್ಷಿಸುತ್ತಾ ನಿಂತಾಗಲೇ ಸಣ್ಣ ಸಂಗತಿ ದೊಡ್ಡದಾಗುವುದು.

ಪೋಷಕರ ಒತ್ತಾಯವನ್ನೂ ಅಭಿನಯಿಸಿ ನೋಡಬೇಕು. "ಎರಡು ಬಿಡ್ರಿ ಸಾ, ನಾವೇನ್ ಕೇಳಲ್ಲ" ಎಂದು ಅಪ್ಪನೇ ಮಗನನ್ನು ತಂದು ಒಪ್ಪಿಸುವ ಹಳ್ಳಿಗಳಲ್ಲಿ ಹೊಸ ಶಿಕ್ಷಕರು ಪೇಚಿಗೆ ಸಿಕ್ಕುತ್ತಾರೆ. ಆ ಅಪ್ಪನಿಗೆ ಕಾನೂನಿನ ಕಲಂ ಹೇಳಿದರೆ ಮಾತು ಮುರಿಯುತ್ತದೆ. "ಯಜಮಾನ್ರೇ, ಇವ್ನು ಮನೇಲಿ ಎಷ್ಟೊತ್ತಿಗೆ ಮಲಗ್ತಾನೆ, ಬೆಳಿಗ್ಗೆ ಏನು ತಿಂದು ಬರ್ತಾನೆ?" ಎಂದು ಕೇಳಿದರೆ ಮಾತು ಬೆಳೆಯುತ್ತದೆ. ಹಾಗೆ ಕೇಳುವುದನ್ನು ಜೋಡಿಗಳಲ್ಲಿ ಆಡಿ ನೋಡಲಿ.

ನಿಜವಾದ ಮಕ್ಕಳ ಮುಂದೆ ಮಾದರಿ ಪಾಠ ಇಡಬೇಕೇ?

ಎರಡನೆಯ ದಿನ ಬೆಳಿಗ್ಗೆ ಇಡಬಹುದು, ಆದರೆ ಕೋಣೆಯಲ್ಲಿ ಒಮ್ಮೆಗೆ ನಾಲ್ವರಿಗಿಂತ ಹೆಚ್ಚು ವೀಕ್ಷಕರು ಬೇಡ. ನಮ್ಮ ಮೊದಲ ಕಾರ್ಯಾಗಾರದಲ್ಲಿ ನಾನು ಎಲ್ಲರನ್ನೂ ಗೋಡೆಗುಂಟ ಸಾಲಾಗಿ ನಿಲ್ಲಿಸಿದೆ. ಇಪ್ಪತ್ತಕ್ಕೂ ಹೆಚ್ಚು ದೊಡ್ಡವರು ಸುತ್ತ ನಿಂತದ್ದನ್ನು ಕಂಡ ಮಕ್ಕಳು ಶಿಲೆಯಂತೆ ಕೂತುಬಿಟ್ಟರು, ಒಂದು ಮಗು ಅತ್ತಿತು. "ನೋಡಿ, ಎಷ್ಟು ಶಿಸ್ತು!" ಎಂದು ಒಬ್ಬರು ಬರೆದುಕೊಂಡರು. ಅದು ಶಿಸ್ತಲ್ಲ, ಹೆದರಿಕೆ ಎಂದು ಆಮೇಲೆ ತಿಳಿಹೇಳಲು ಅರ್ಧ ದಿನ ಹಿಡಿಯಿತು. ಈಗ ನಾಲ್ವರು ಹಿಂದೆ ಚಾಪೆಯ ಮೇಲೆ ಕೂರುತ್ತಾರೆ, ಉಳಿದವರು ಹೊರಗೆ ಅಭ್ಯಾಸ ಮುಂದುವರಿಸುತ್ತಾರೆ, ಹದಿನೈದು ನಿಮಿಷಕ್ಕೊಮ್ಮೆ ತಂಡ ಬದಲಾಗುತ್ತದೆ. ಮಾದರಿ ಪಾಠವನ್ನು ಆ ಶಾಲೆಯ ಶಿಕ್ಷಕರೇ ಮಾಡಲಿ. ಹೊರಗಿನಿಂದ ಬಂದವರಿಗೆ ಮಕ್ಕಳ ಹೆಸರೇ ಗೊತ್ತಿರುವುದಿಲ್ಲ.

"ನಮ್ಮ ಶಾಲೆಯಲ್ಲಿ ಇದು ನಡೆಯುವುದಿಲ್ಲ" ಎನ್ನುವವರಿಗೆ ಏನು ಹೇಳಬೇಕು?

ವಾದಿಸಬೇಡಿ, ಅವರ ಕೋಣೆಯ ನಕ್ಷೆ ಬರೆಯಲು ಹೇಳಿ. ಬಾಗಿಲು, ಹಲಗೆ, ಬೀರು, ಮಕ್ಕಳು ಕೂರುವ ಜಾಗ, ಶೌಚಾಲಯದ ದಾರಿ. ಅವರ ಮಾತು ಅನೇಕ ಸಲ ಸರಿಯೇ ಇರುತ್ತದೆ: ಒಂದು ಕೋಣೆ ಸೋರುತ್ತಿರುವುದರಿಂದ ಐದೂ ತರಗತಿ ಒಂದೇ ಕಡೆ ಕೂತಿರುತ್ತವೆ, ಅಲ್ಲಿ ಗುಂಪುಗಳಿಗೆ ಜಾಗವೇ ಇಲ್ಲ. ಆಗ ಜಗಲಿಯನ್ನು ಬಳಸಬಹುದೇ, ಯಾವ ಗುಂಪು ಅಲ್ಲಿ ಕೂತರೆ ಶಿಕ್ಷಕರ ಕಣ್ಣಿಗೆ ಬೀಳುತ್ತದೆ ಎಂಬ ಮಾತು ನಕ್ಷೆಯ ಮೇಲೆಯೇ ನಡೆಯಲಿ.

ಬಿಡುವಿನ ವಾರಗಳಲ್ಲಿ ಶಿಕ್ಷಕರು ಏನು ಮಾಡಬೇಕು? ಕಾರ್ಯಾಗಾರ ಫಲ ಕೊಟ್ಟಿತೆಂದು ಹೇಗೆ ತಿಳಿಯುತ್ತದೆ?

ಪ್ರತಿಯೊಬ್ಬರೂ ಒಂದೇ ಒಂದು ಸಂದಿಯನ್ನು ಆರಿಸಿಕೊಳ್ಳಬೇಕು. ಮೊದಲ ಮೂರು ದಿನ ಏನನ್ನೂ ಬದಲಿಸದೆ, ಗಂಟೆ ಬಾರಿಸಿದಾಗಿನಿಂದ ಕೊನೆಯ ಮಗು ಕೆಲಸ ಶುರುಮಾಡುವವರೆಗೆ ಎಷ್ಟು ನಿಮಿಷ ಹಿಡಿಯಿತೆಂದು ಕೈಗಡಿಯಾರ ನೋಡಿ ಬರೆಯಬೇಕು. ಆಮೇಲೆ ಹೊಸ ರೂಢಿಯನ್ನು ಮಕ್ಕಳಿಗೆ ಪಾಠದಂತೆಯೇ ಕಲಿಸಬೇಕು, ಅಂದರೆ ಮಾಡಿ ತೋರಿಸಿ, ಅವರಿಂದ ಮಾಡಿಸಿ, ತಪ್ಪಿದ್ದನ್ನು ಮತ್ತೆ ಮಾಡಿಸಬೇಕು. ವಾರಕ್ಕೆರಡು ದಿನ ಅದೇ ಲೆಕ್ಕವನ್ನು ಬರೆಯಬೇಕು. ಈ ನಡುವೆ ಸಿಆರ್‌ಪಿ ಒಮ್ಮೆ ಬಂದು, ಆರಿಸಿಕೊಂಡ ಸಂದಿಯ ಹೊತ್ತಿಗೇ ಕೋಣೆಯಲ್ಲಿ ಇರಬೇಕು. ಬೆಳಿಗ್ಗೆ ಬಂದು ದಾಖಲೆ ಪುಸ್ತಕ ನೋಡಿ ಹೋದರೆ ಉಪಯೋಗವಿಲ್ಲ.

ಮೂರನೆಯ ದಿನ ಶಿಕ್ಷಕರು ಈ ಹಾಳೆಗಳೊಂದಿಗೆ ಬರುತ್ತಾರೆ. ನಿಮಿಷಗಳು ಇಳಿದಿದ್ದರೆ ಸಂತೋಷ, ಆದರೆ ಅದೊಂದನ್ನೇ ನಂಬಬೇಡಿ. ಮಕ್ಕಳು ಹೆದರಿ ಬೇಗ ಕೂತರೂ ನಿಮಿಷ ಇಳಿಯುತ್ತದೆ. ಶಿಕ್ಷಕರು ರಜೆ ಹಾಕಿ ಪಕ್ಕದ ಶಾಲೆಯವರು ಬಂದ ದಿನವೂ ಮಕ್ಕಳು ಸೀಮೆಸುಣ್ಣ ತೆಗೆದುಕೊಂಡು ತಮ್ಮ ಭಾಗದ ಮುಂದೆ ಕೂತರೇ ಎಂದು ಕೇಳಿ. ಕೂತಿದ್ದರೆ ರೂಢಿ ಮಕ್ಕಳದಾಗಿದೆ. ಏರಿದ ಅಥವಾ ಹಾಗೇ ಉಳಿದ ಹಾಳೆಗಳನ್ನು ಮೊದಲು ಎತ್ತಿಕೊಳ್ಳಿ, ಮೊದಲ ದಿನದಂತೆಯೇ ಬಿಡಿಸಿ ನೋಡಿ. ಯಶಸ್ಸಿನ ಕಥೆಗಳಿಗೆ ಮಧ್ಯಾಹ್ನ ಸಾಕು.

ಎಲ್ಲ ಮಾಡಿದರೂ ಒಂದೆರಡು ಮಕ್ಕಳು ಬದಲಾಗದಿದ್ದರೆ?

ಅದು ನಿರ್ವಹಣೆಯ ಪ್ರಶ್ನೆ ಆಗಿರಲಿಕ್ಕಿಲ್ಲ. ಕರೆದಾಗ ತಿರುಗದ, ಸನ್ನೆ ಕಂಡರೆ ಮಾತ್ರ ಏಳುವ ಮಗುವಿಗೆ ಕಿವಿ ಕೇಳದಿರಬಹುದು. ಹಲಗೆಯ ಹತ್ತಿರಕ್ಕೇ ಬಂದು ನಿಲ್ಲುವ ಮಗುವಿಗೆ ಕಣ್ಣು ಕಾಣದಿರಬಹುದು. ಮಗುವಿನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದು ನೋಡುವುದು, ಎರಡು ಕಿವಿಗೂ ಬೇರೆ ಬೇರೆಯಾಗಿ ಹಾಗೆ ಮಾಡುವುದು ಕಾರ್ಯಾಗಾರದಲ್ಲಿಯೇ ಹತ್ತು ನಿಮಿಷದಲ್ಲಿ ಕಲಿಸಬಹುದಾದ ಕೆಲಸ. ಇದು ಪರೀಕ್ಷೆಯಲ್ಲ, ಅನುಮಾನವಷ್ಟೇ. ಅನುಮಾನ ಬಂದರೆ ವಿಶೇಷ ಅಗತ್ಯವುಳ್ಳ ಮಕ್ಕಳನ್ನು ನೋಡಿಕೊಳ್ಳುವ ಬ್ಲಾಕ್‌ನ ಸಂಪನ್ಮೂಲ ಶಿಕ್ಷಕರಾದ ಬಿಐಇಆರ್‌ಟಿ ಅವರಿಗೆ ತಿಳಿಸಿ, ಶಾಲಾ ಆರೋಗ್ಯ ತಪಾಸಣೆಯ ತಂಡ ಬಂದ ದಿನ ಆ ಮಗುವನ್ನು ಮೊದಲು ತೋರಿಸಬೇಕು. ತಪಾಸಣೆಯ ದಿನ ಆ ಮಗು ಗೈರುಹಾಜರಾಗುವುದೇ ಹೆಚ್ಚು, ಹಾಗಾಗಿ ಹಿಂದಿನ ಸಂಜೆಯೇ ಮನೆಗೆ ಹೋಗಿ ಹೇಳಿ ಬರುವುದು ಒಳ್ಳೆಯದು.